ಹರಿದ ಛಾಯಾಚಿತ್ರದ ಮೂಲೆಯ ಪುನರ್‌ರಚನೆ

ಹಳೆಯ ಕಪ್ಪುಬಿಳುಪು ಕುಟುಂಬಚಿತ್ರದಲ್ಲಿ ಕಳೆದುಹೋದ ಮೂಲೆಯನ್ನು, ಮೂಲಪ್ರತಿಯನ್ನು ತಿದ್ದದೆ ಅದರ ಸ್ಕ್ಯಾನ್ ಪ್ರತಿಯಲ್ಲಿ ತುಂಬುವ ವಿಧಾನ. ಅಂಗುಲಕ್ಕೆ 600 ಬಿಂದುಗಳಂತೆ ಸ್ಕ್ಯಾನ್ ಮಾಡಿದ ಚಿತ್ರದ ಮೇಲೆ ಪ್ರತ್ಯೇಕ ಪದರವನ್ನು, ಅಂದರೆ ಬೇಕಾದಾಗ ತೆಗೆಯಬಹುದಾದ ಪಾರದರ್ಶಕ ಸ್ತರವನ್ನು, ಹಾಸಿ ದುರಸ್ತಿಯನ್ನು ಅದರಲ್ಲೇ ಮಾಡಲಾಗುತ್ತದೆ. ಸ್ಟುಡಿಯೊ ಪರದೆಯ ಛಾಯೆ ಅಂಚಿನತ್ತ ಕ್ರಮೇಣ ಗಾಢವಾಗಿರುವ ಚಿತ್ರಗಳಲ್ಲಿ, ನಡುಭಾಗದ ತುಣುಕನ್ನು ಮೂಲೆಗೆ ನಕಲಿಸಿದರೆ ಅದು ತಿಳಿಯಾದ ಕಲೆಯಾಗಿ ಎದ್ದು ಕಾಣುತ್ತದೆ; ಆದ್ದರಿಂದ ಉಳಿದಿರುವ ಎದುರು ಮೂಲೆಯನ್ನು ಕನ್ನಡಿಬಿಂಬದಂತೆ ತಿರುಗಿಸಿ ಇರಿಸಿ, ಹರಿದ ಗೆರೆಯ ಪಕ್ಕದ ಛಾಯೆಗೆ ಅದರ ಹೊಳಪನ್ನು ಹೊಂದಿಸಲಾಗುತ್ತದೆ. ಬಳಿಕ ಹರಿದ ಅಂಚಿನಲ್ಲಿ ಕಾಣುವ ಬಿಳಿ ಕಾಗದದ ನಾರನ್ನು ಮರೆಮಾಡಿ, ತುಂಬಿದ ಭಾಗ ನುಣುಪಾಗಿ ಬೇರೆಯೆನಿಸದಂತೆ ಮೂಲಚಿತ್ರದಷ್ಟೇ ದಪ್ಪನೆಯ ಕಣಗಳನ್ನು ಸೇರಿಸಲಾಗುತ್ತದೆ. ಮುಖವೇ ಹರಿದುಹೋಗಿದ್ದರೆ, ಅದೇ ವ್ಯಕ್ತಿಯ ಮತ್ತೊಂದು ಚಿತ್ರದ ಆಧಾರವಿಲ್ಲದೆ ತುಂಬಿದ್ದೆಲ್ಲವೂ ಊಹೆಯಷ್ಟೇ ಆಗುತ್ತದೆ.