ಒಣದ್ರಾಕ್ಷಿ ಸಂಶೋಧನೆಯ ಸಾರಾಂಶ: ಜನಪ್ರಿಯ ಲೇಖನವಾಗುವ ಬಗೆ

ಕೃಷಿ ಸಂಶೋಧನಾ ಪತ್ರಿಕೆಗಳಲ್ಲಿ ಸಾರಾಂಶವನ್ನು ಬರೆಯುವವರೂ ಓದುವವರೂ ಒಂದೇ ಕ್ಷೇತ್ರದವರು. ಹಾಗಾಗಿ ಅಲ್ಲಿ ವಿಧಾನ ಮತ್ತು ಫಲಿತಾಂಶಗಳಿಗಷ್ಟೇ ಜಾಗ. ಕಾರಣ ಗೊತ್ತಿರುವ ವಿಷಯವೆಂದು ಉಳಿದುಹೋಗುತ್ತದೆ. ಮಾಸಪತ್ರಿಕೆಯ ಓದುಗರಿಗೆ ಮೊದಲು ಬೇಕಾದದ್ದು ಆ ಕಾರಣವೇ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿಯನ್ನೇ ನೋಡಬಹುದು. ಈ ವಿಷಯದ ಸಾರಾಂಶಗಳ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: ಶೇ 2.5ರ ಪೊಟ್ಯಾಸಿಯಂ ಕಾರ್ಬೋನೇಟ್, ಶೇ 1.5ರ ಈಥೈಲ್ ಓಲಿಯೇಟ್ ದ್ರಾವಣದಲ್ಲಿ ಅದ್ದಿದ ಥಾಮ್ಸನ್ ಸೀಡ್‌ಲೆಸ್ ಹಣ್ಣಿನ ತೇವಾಂಶ ಶುಷ್ಕ ಆಧಾರದಲ್ಲಿ ಶೇ 400ರಿಂದ ಶೇ 18ಕ್ಕೆ ಇಳಿಯಲು ಹಿಡಿದ ಅವಧಿ, ಅದ್ದದ ಹಣ್ಣಿಗಿಂತ ಶೇ 5ರ ಮಟ್ಟದಲ್ಲಿ ಗಣನೀಯವಾಗಿ ಕಡಿಮೆ.

ಲೇಖನ ಹಣ್ಣಿನ ಸಿಪ್ಪೆಯಿಂದ ಶುರುವಾಗಬೇಕು. ದ್ರಾಕ್ಷಿಯ ಮೇಲಿನ ತೆಳು ಮೇಣದ ಪದರ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಬೆಳೆಗಾರರು ಡಿಪ್ಪಿಂಗ್ ಆಯಿಲ್ ಎನ್ನುವ ಈಥೈಲ್ ಓಲಿಯೇಟ್ ಆ ಪದರದ ರಚನೆಯನ್ನು ಸಡಿಲಿಸಿ ನೀರಿಗೆ ದಾರಿ ಮಾಡುತ್ತದೆ. ಹಣ್ಣು ಬೇಗ ಒಣಗಿದಷ್ಟೂ ಅದನ್ನು ಕಂದಾಗಿಸುವ ಕಿಣ್ವಕ್ಕೆ ಸಿಗುವ ಸಮಯ ಕಡಿಮೆ. ಹಸಿರು ಛಾಯೆ ಉಳಿಯುವುದು ಇದರಿಂದಲೇ. ಇಷ್ಟು ತಿಳಿದ ಮೇಲೆ ಅಳತೆ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ: 100 ಲೀಟರ್ ನೀರಿಗೆ ಎರಡೂವರೆ ಕಿಲೋ ಕಾರ್ಬೋನೇಟ್, ಒಂದೂವರೆ ಲೀಟರ್ ಆಯಿಲ್.

ಹೆಚ್ಚು ಎಡವುವುದು ತೇವಾಂಶದ ಅಂಕಿಯಲ್ಲಿ. ಶೇ 400 ಎಂದು ಹಾಗೆಯೇ ಅಚ್ಚಾದರೆ ಓದುಗರು ಅದನ್ನು ಮುದ್ರಣದೋಷವೆಂದೇ ತಿಳಿಯುತ್ತಾರೆ. 100 ಕಿಲೋ ಹಣ್ಣಿನಲ್ಲಿ ಸುಮಾರು 80 ಕಿಲೋ ನೀರು, 20 ಕಿಲೋ ಒಣ ಪದಾರ್ಥ. ನೀರು ಒಣ ಪದಾರ್ಥದ ನಾಲ್ಕು ಪಟ್ಟು ಇರುವುದರಿಂದ ಶೇ 400. ಕೊನೆಗೆ ಆ 20 ಕಿಲೋಗೆ ಉಳಿಯುವ ನೀರು ಅದರ ಶೇ 18, ಅಂದರೆ 3.6 ಕಿಲೋ, ಒಟ್ಟು ತೂಕ 23.6 ಕಿಲೋ. ಒಂದು ಕಿಲೋ ಒಣದ್ರಾಕ್ಷಿಗೆ ನಾಲ್ಕು ಕಿಲೋಗಿಂತ ತುಸು ಹೆಚ್ಚು ಹಸಿ ಹಣ್ಣು ಬೇಕು. ಶೆಡ್ಡಿನಲ್ಲಿ ರ್ಯಾಕ್ ಇಳಿಸಿ ತೂಗುವವರಿಗೆ ಪರಿಚಿತವಾದ ಲೆಕ್ಕವೇ ಇದು. ಒಟ್ಟು ತೂಕದ ಮೇಲೆ ಹೇಳುವುದಾದರೆ ಇದೇ ಇಳಿಕೆ ಶೇ 80ರಿಂದ ಸುಮಾರು ಶೇ 15ಕ್ಕೆ. ಎರಡು ಆಧಾರಗಳು ಬೆರೆತು ‘400ರಿಂದ 15ಕ್ಕೆ’ ಎಂದಾದರೆ ತಪ್ಪು. ಲೇಖಕರು ಹೀಗೆ ಕಿಲೋಗೆ ಇಳಿಸಿ ತಾಳೆ ನೋಡಿದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ.

‘ಶೇ 5ರ ಮಟ್ಟ’ವನ್ನು ಶೇ 5ರಷ್ಟು ಬೇಗ ಎಂದು ಬರೆಯುವುದು ಇನ್ನೂ ಅಪಾಯಕಾರಿ, ಏಕೆಂದರೆ ಓದಲು ಅದು ಸರಿಯಾಗಿಯೇ ಕಾಣುತ್ತದೆ. ಅದ್ದುವುದರಿಂದ ನಿಜಕ್ಕೂ ಯಾವ ಪರಿಣಾಮವೂ ಇಲ್ಲದಿದ್ದರೆ, ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ ಎಂಬುದಷ್ಟೇ ಅದರ ಅರ್ಥ. ಎಷ್ಟು ದಿನ ಉಳಿಯಿತು ಎಂಬುದನ್ನು ಸಾರಾಂಶದಲ್ಲಿ ಇಲ್ಲದಿದ್ದರೆ ಮೂಲ ಲೇಖನದ ಕೋಷ್ಟಕದಿಂದಲೇ ತೆಗೆಯಬೇಕು.

ಪ್ರಯೋಗ ನಡೆದ ಹಂಗಾಮು, ಗಾಳಿಯ ತೇವ, ನೆರಳಿನ ಏರ್ಪಾಡು ಇವನ್ನು ಜಾಗವಿಲ್ಲವೆಂದು ಬಿಡುವುದು ರೂಢಿಯಾಗಿದೆ. ಅವು ಉಳಿಯಲೇಬೇಕು. ಅದ್ದಿದ ಹಣ್ಣು ನೆರಳಿನಲ್ಲಿ ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ಒಣಗಿದರೂ, ಅಕಾಲಿಕ ಮಳೆ ಬಂದರೆ ಅವಧಿ ಹಿಗ್ಗಿ ಬಣ್ಣ ಕಪ್ಪಾಗುತ್ತದೆ. ಆಗ ತಿಕೋಟಾದ ಬೆಳೆಗಾರರು ಲೇಖನದಲ್ಲಿನ ದಿನಗಳನ್ನು ತಮ್ಮ ಶೆಡ್ಡಿಗೆ ಅನ್ವಯಿಸಲಾಗದು.