ಮೃತನ ಅಧಿವಾಸ ಮತ್ತು ಅವನ ಸ್ವತ್ತಿನ ಎರಡು ದಾರಿಗಳು

ಒಬ್ಬ ಮನುಷ್ಯನು ಸತ್ತಾಗ ಅವನ ಸ್ವತ್ತೆಲ್ಲವೂ ಒಂದೇ ಗಂಟಾಗಿ ವಾರಸುದಾರನಿಗೆ ಸೇರತಕ್ಕದ್ದೋ, ಅಥವಾ ಭೂಮಿ ಒಂದು ನ್ಯಾಯಕ್ಕೂ ಹಣಕಾಸು ಮತ್ತೊಂದು ನ್ಯಾಯಕ್ಕೂ ಒಳಪಟ್ಟು ಬೇರೆ ಬೇರೆ ಕೈಗಳಿಗೆ ಹೋಗತಕ್ಕದ್ದೋ ಎಂಬ ಪ್ರಶ್ನೆಗೆ ಪ್ರಾಚೀನ ರೋಮಿನ ನ್ಯಾಯಶಾಸ್ತ್ರಜ್ಞರು ಕೊಟ್ಟ ಉತ್ತರ ಸರಳವಾಗಿತ್ತು. ವಾರಸುದಾರನು ಮೃತನ ಸ್ಥಾನದಲ್ಲಿಯೇ ನಿಲ್ಲುವವನು. ಆದಕಾರಣ ಮೃತನ ಹೊಲ, ಮನೆ, ಸಾಲ, ಲೇವಾದೇವಿ ಎಲ್ಲವೂ ಅಖಂಡವಾಗಿ ಅವನಿಗೆ ಇಳಿದು ಬರುತ್ತದೆ. ಈ ಅಖಂಡತೆ ಮುರಿದುದು ಮಧ್ಯಯುಗದಲ್ಲಿ. ಅದು ಯಾವುದೋ ಒಂದು ತತ್ತ್ವದ ಬಲದಿಂದ ಮುರಿಯಲಿಲ್ಲ. ಭೂಮಿಯ ಚರಿತ್ರೆಯೂ ವಣಿಕನ ಚರಿತ್ರೆಯೂ ಬೇರೆ ಬೇರೆಯಾಗಿ ಬೆಳೆದುದರಿಂದ ಮುರಿಯಿತು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

14ನೆಯ ಶತಮಾನದ ಇಟಲಿಯಲ್ಲಿ ಪ್ರತಿಯೊಂದು ನಗರಕ್ಕೂ ತನ್ನದೇ ಆದ ಶಾಸನಗಳಿದ್ದುವು. ಒಂದು ನಗರದವನು ಮತ್ತೊಂದು ನಗರದಲ್ಲಿ ಸ್ವತ್ತು ಬಿಟ್ಟು ಸತ್ತರೆ ಯಾವ ಶಾಸನ ನಡೆಯಬೇಕೆಂಬ ತೊಡಕು ದಿನನಿತ್ಯದ್ದಾಗಿತ್ತು. ಆ ಕಾಲದ ಮಹಾನ್ಯಾಯಪಂಡಿತನಾದ ಸಾಸ್ಸೊಫೆರ್ರಾಟೋದ ಬಾರ್ಟೋಲಸನು (1314–1357) ಇದನ್ನು ವಿಚಾರಿಸುತ್ತ ಇಂಗ್ಲೆಂಡಿನ ಜ್ಯೇಷ್ಠಾಧಿಕಾರದ ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಂಡನು. ಅಲ್ಲಿ ಆಗ ಹಿರಿಯ ಮಗನಿಗೇ ಭೂಮಿಯೆಲ್ಲವೂ ಸಲ್ಲುತ್ತಿತ್ತು. ಆದರೆ ಆ ಇಂಗ್ಲಿಷನು ಇಟಲಿಯಲ್ಲಿಯೂ ಸ್ವತ್ತು ಬಿಟ್ಟಿದ್ದರೆ ಏನು ಗತಿ? ಶಾಸನದ ಮಾತು “ಮೃತನ ಸ್ವತ್ತು ಹಿರಿಯನಿಗೆ ಹೋಗತಕ್ಕದ್ದು” ಎಂದು ವಸ್ತುವನ್ನು ಕುರಿತು ಆರಂಭವಾದರೆ ಅದು ವಸ್ತುಸಂಬಂಧಿ, “ಹಿರಿಯನು ಉತ್ತರಾಧಿಕಾರಿಯಾಗತಕ್ಕದ್ದು” ಎಂದು ವ್ಯಕ್ತಿಯನ್ನು ಕುರಿತು ಆರಂಭವಾದರೆ ಅದು ವ್ಯಕ್ತಿಸಂಬಂಧಿ ಎಂದು ಅವನು ಭೇದ ಮಾಡಿದನು. ವಾಕ್ಯರಚನೆಯ ಮೇಲೆ ಇಷ್ಟು ಭಾರ ಹೊರಿಸಿದುದನ್ನು ಅನಂತರದ ವಿದ್ವಾಂಸರು ಹಾಸ್ಯ ಮಾಡಿದ್ದುಂಟು. ಆದರೆ ಹಾಗೆ ಹಾಸ್ಯ ಮಾಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಒಂದು ನಿಯಮವು ನೆಲಕ್ಕೆ ಅಂಟಿಕೊಂಡಿದೆಯೇ ಮನುಷ್ಯನನ್ನು ಹಿಂಬಾಲಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮೊದಲು ನೆಟ್ಟಗೆ ಕೇಳಿದವರಲ್ಲಿ ಅವನೊಬ್ಬನು, ಮತ್ತು ಇಂದಿಗೂ ನಾವು ಕೇಳುತ್ತಿರುವುದು ಅದನ್ನೇ.

ಉತ್ತರಕ್ಕೆ ಗಟ್ಟಿ ರೂಪ ಬಂದುದು ಫ್ರಾನ್ಸಿನಲ್ಲಿ. ಬ್ರಿಟನಿ ಪ್ರಾಂತದ ದಾರ್ಜಾಂತ್ರೆ (1519–1590) ಎಂಬ ನ್ಯಾಯವೇತ್ತನು ಪ್ರಾಂತದ ಭೂಮಿಯ ಮೇಲೆ ಪ್ರಾಂತದ ಪದ್ಧತಿಯಲ್ಲದೆ ಬೇರೆ ಯಾವುದೂ ಕಾಲಿಡಬಾರದೆಂದು ಹಟ ಹಿಡಿದವನು. ಅವನ ಹಟಕ್ಕೆ ಕಾರಣವಿತ್ತು: ಊಳಿಗಮಾನ್ಯ ವ್ಯವಸ್ಥೆಯಲ್ಲಿ ಭೂಮಿಯೆಂದರೆ ಬರಿಯ ಐಶ್ವರ್ಯವಲ್ಲ, ದೊರೆಗೆ ಸಲ್ಲಿಸಬೇಕಾದ ಸೇವೆಯ ಮೂಲ, ಹೊರಗಿನ ನ್ಯಾಯ ಬಂದು ಅದಕ್ಕೆ ಹೊಸ ಒಡೆಯನನ್ನು ನೇಮಿಸಿದರೆ ದೊರೆತನವೇ ಅಲುಗಾಡುತ್ತದೆ. ಹಣ, ಒಡವೆ, ಸರಕು ಇವುಗಳ ಸ್ಥಿತಿ ಬೇರೆ. ಇಂದು ಒಂದು ಬಂದರಿನಲ್ಲಿ, ನಾಳೆ ಮತ್ತೊಂದು ಹಡಗಿನಲ್ಲಿ ಇರುವ ವಸ್ತುವಿಗೆ ಅದು ಇದ್ದಲ್ಲಿಯ ನ್ಯಾಯವೆಂದರೆ, ವಣಿಕನ ವಾರಸುದಾರರು ಯಾರೆಂಬುದನ್ನು ಅವನು ಸತ್ತ ದಿನ ಗಾಳಿ ಬೀಸಿದ ದಿಕ್ಕೇ ನಿರ್ಣಯಿಸಿದಂತಾಗುತ್ತದೆ. ಆದುದರಿಂದ ಚರವಸ್ತುಗಳು ಒಡೆಯನ ಎಲುಬಿಗೆ ಅಂಟಿಕೊಂಡಿವೆಯೆಂದು ಭಾವಿಸಿ, ಅವನ ಸ್ಥಿರವಾದ ನೆಲೆ ಎಲ್ಲಿಯೋ ಅಲ್ಲಿಯ ನ್ಯಾಯಕ್ಕೆ ಅವುಗಳನ್ನು ಒಪ್ಪಿಸುವುದು ರೂಢಿಯಾಯಿತು. ಆ ನೆಲೆಗೇ ನಮ್ಮ ಶಾಸನಭಾಷೆಯಲ್ಲಿ ಅಧಿವಾಸವೆಂದು ಹೆಸರು.

ಅಧಿವಾಸವೆಂಬ ಈ ಕಲ್ಪನೆ ಇಂಗ್ಲೆಂಡಿನ ನ್ಯಾಯದಲ್ಲಿ ಈಗಿನ ಆಕಾರವನ್ನು ಪಡೆದುದರಲ್ಲಿ ಭಾರತಕ್ಕೆ ಒಂದು ದೊಡ್ಡ ಪಾಲಿದೆ. ವಿಲಿಯಂ ಬ್ರೂಸ್ ಎಂಬ ಸ್ಕಾಟ್ಲೆಂಡಿನವನು ಚಿಕ್ಕಂದಿನಲ್ಲಿಯೇ ಊರು ಬಿಟ್ಟು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿ, ಮೇಜರ್ ಪದವಿಗೇರಿ, ಸ್ವದೇಶಕ್ಕೆ ಮರಳುವ ಮಾತನ್ನು ಆಗಾಗ ಬರೆಯುತ್ತಿದ್ದರೂ 1783ರಲ್ಲಿ ಇಲ್ಲಿಯೇ ತೀರಿಕೊಂಡನು. ಅವನಿಗೆ ಮೃತ್ಯುಪತ್ರವಿರಲಿಲ್ಲ. ಆಗಿನ ಸ್ಕಾಟ್ಲೆಂಡಿನ ನ್ಯಾಯದಂತೆ ಒಡಹುಟ್ಟಿದವರಿರುವಾಗ ಮಲಸೋದರನಿಗೆ ಪಾಲಿಲ್ಲ. ಇಂಗ್ಲೆಂಡಿನ ನ್ಯಾಯದಂತೆ ಅವನಿಗೂ ಸಮಪಾಲು. 1790ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು, ಕಂಪೆನಿಯ ಸೇವೆಯಲ್ಲಿ ಭಾರತದಲ್ಲಿ ನೆಲೆಸಿದುದರಿಂದ ಅವನ ಅಧಿವಾಸ ಭಾರತದ್ದೆಂದೂ, ಆದಕಾರಣ ಅವನ ಚರಸ್ವತ್ತಿಗೆ ಅಲ್ಲಿ ಕಂಪೆನಿಯ ಸೇವಕರಿಗೆ ನಡೆಯುತ್ತಿದ್ದ ಇಂಗ್ಲಿಷ್ ನ್ಯಾಯವೇ ಸಲ್ಲುವುದೆಂದೂ ತೀರ್ಪಿತ್ತು, ಮಲಸೋದರನಿಗೆ ಪಾಲು ದೊರೆಯಿತು. ಊರಿಗೆ ಮರಳಬೇಕೆಂಬ ಅವನ ಆಸೆಯನ್ನು ತೀರ್ಪು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆದರೆ ಮುಂದಿನ ಶತಮಾನದಲ್ಲಿ ಆ ಆಸೆಗೆ ಬೆಲೆ ಬಂತು. ಕಲ್ಕತ್ತೆಯ ಒಂದು ವ್ಯಾಪಾರಸಂಸ್ಥೆಯಲ್ಲಿ ಪಾಲುದಾರನಾಗಿ ಸುಮಾರು ಕಾಲು ಶತಮಾನ ಕಳೆದ ಮತ್ತೊಬ್ಬ ಸ್ಕಾಟ್ಲೆಂಡಿನವನ ವ್ಯಾಜ್ಯವು ಜಾಪ್ ವಿರುದ್ಧ ವುಡ್ ಎಂಬ ಹೆಸರಿನಲ್ಲಿ 1865ರಲ್ಲಿ ತೀರ್ಮಾನವಾದಾಗ, ಮರಳುವ ಸಂಕಲ್ಪ ಎಂದೂ ಬಿಟ್ಟಿರಲಿಲ್ಲವಾಗಿ ಅವನ ಅಧಿವಾಸ ಹುಟ್ಟಿದ ನಾಡಿನದಾಗಿಯೇ ಉಳಿಯಿತೆಂದು ನಿರ್ಣಯವಾಯಿತು. ಕಂಪೆನಿಯ ಸೇವಕರ ಬಗೆಗಿನ ಹಳೆಯ ತೀರ್ಪುಗಳು ಒಂದು ಅಪವಾದವೆಂದು ಬದಿಗೆ ಸರಿದವು. ಅದೇ ವರ್ಷ ಭಾರತದಲ್ಲಿ ಅಂಗೀಕೃತವಾದ ಉತ್ತರಾಧಿಕಾರ ಶಾಸನವೂ, ಅದರ ಸ್ಥಾನಕ್ಕೆ ಬಂದ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವೂ, ಸರ್ಕಾರಿ ಸೇವೆಗಾಗಲಿ ವೃತ್ತಿಗಾಗಲಿ ಭಾರತದಲ್ಲಿ ವಾಸಿಸಿದ ಮಾತ್ರಕ್ಕೆ ಇಲ್ಲಿ ಸ್ಥಿರನಿವಾಸ ಮಾಡಿದಂತಾಗದೆಂದು ವಿವರಣೆಯಲ್ಲಿ ಸ್ಪಷ್ಟಪಡಿಸಿದವು. ಬದುಕೆಲ್ಲ ಇಲ್ಲಿ ಕಳೆದರೂ ಮನಸ್ಸನ್ನು ಅಲ್ಲಿಯೇ ಇಟ್ಟುಕೊಂಡಿದ್ದ ಅಧಿಕಾರಿಗಳ ಮತ್ತು ವರ್ತಕರ ಜೀವನಕ್ರಮವೇ ಈ ವಿವರಣೆಯಲ್ಲಿ ಅಚ್ಚೊತ್ತಿ ನಿಂತಿದೆ.

1925ರ ಅಧಿನಿಯಮದ 5ನೆಯ ಪ್ರಕರಣದ ಸಾರವಿಷ್ಟೆ: ಭಾರತದಲ್ಲಿರುವ ಸ್ಥಿರಸ್ವತ್ತಿನ ಉತ್ತರಾಧಿಕಾರಕ್ಕೆ, ಮೃತನ ಅಧಿವಾಸ ಎಲ್ಲಿದ್ದರೂ, ಭಾರತದ ನ್ಯಾಯ, ಚರಸ್ವತ್ತಿಗೆ, ಸತ್ತ ಕಾಲದಲ್ಲಿ ಅವನ ಅಧಿವಾಸವಿದ್ದ ದೇಶದ ನ್ಯಾಯ. ಚರಸ್ವತ್ತಿನ ವಿಷಯದಲ್ಲಿ ಒಬ್ಬನಿಗೆ ಒಂದೇ ಅಧಿವಾಸವೆಂದು 6ನೆಯ ಪ್ರಕರಣ ಹೇಳುತ್ತದೆ. ಈ ಪ್ರಕರಣಗಳಿರುವ ಭಾಗವು ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಮೃತರಿಗೆ ಅನ್ವಯಿಸುವುದಿಲ್ಲವೆಂದು 4ನೆಯ ಪ್ರಕರಣ ಹೇಳಿದರೂ, ಪರದೇಶಸಂಬಂಧವಿರುವಾಗ ನಮ್ಮ ನ್ಯಾಯಾಲಯಗಳು ಇದೇ ವಿಭಾಗವನ್ನು ಸಾಮಾನ್ಯ ನ್ಯಾಯವೆಂದು ಅನುಸರಿಸುತ್ತ ಬಂದಿವೆ.

ಇದರಿಂದ ಆಗುವ ಅಂತರವೆಷ್ಟು ದೊಡ್ಡದೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡಬಹುದು. ಮೈಸೂರಿನಲ್ಲಿ ಹುಟ್ಟಿದ ಹಿಂದೂ ಎಂಜಿನಿಯರೊಬ್ಬರು ಅಮೆರಿಕದ ನ್ಯೂ ಜೆರ್ಸಿಯಲ್ಲಿ ಮೂವತ್ತು ವರ್ಷ ದುಡಿದು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆನ್ನೋಣ. ಅವರ ಸ್ವಯಾರ್ಜಿತವಾಗಿ ಮೈಸೂರಿನಲ್ಲಿ 1 ಕೋಟಿ 20 ಲಕ್ಷ ರೂಪಾಯಿ ಬೆಲೆಯ ಮನೆಯೂ, ಅಲ್ಲಿಯ ಬ್ಯಾಂಕಿನಲ್ಲಿ 60 ಲಕ್ಷದ ಠೇವಣಿಯೂ ಇವೆ. ಪತ್ನಿ, ಆ ದಾಂಪತ್ಯದ ಇಬ್ಬರು ಮಕ್ಕಳು, ವೃದ್ಧ ತಾಯಿ ಬದುಕಿದ್ದಾರೆ. ಮನೆ ಇಲ್ಲಿಯ ನೆಲಕ್ಕೆ ಸೇರಿದ್ದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ತಾಯಿ, ಪತ್ನಿ, ಇಬ್ಬರು ಮಕ್ಕಳು ನಾಲ್ವರೂ ಮೊದಲ ವರ್ಗದ ವಾರಸುದಾರರು, ತಲೆಗೆ 30 ಲಕ್ಷ. ಠೇವಣಿಯ ಗತಿ ಬೇರೆ. ಅವರ ಅಧಿವಾಸ ನ್ಯೂ ಜೆರ್ಸಿಯದೆಂದು ಸಿದ್ಧವಾದರೆ, ಮೃತನ ಮಕ್ಕಳೆಲ್ಲರೂ ಬದುಕಿರುವ ಪತ್ನಿಯ ಮಕ್ಕಳೂ ಆಗಿರುವಾಗ ಸಮಸ್ತವೂ ಪತ್ನಿಗೇ ಸೇರತಕ್ಕದ್ದೆಂಬ ಆ ರಾಜ್ಯದ ನಿಯಮದಂತೆ 60 ಲಕ್ಷವೂ ಆಕೆಗೆ. ತಾಯಿಗೆ ಅದರಲ್ಲಿ ಬಿಡಿಕಾಸಿಲ್ಲ. ಅಧಿವಾಸ ಭಾರತದ್ದೆಂದಾದರೆ ಠೇವಣಿಯೂ ನಾಲ್ಕು ಪಾಲಾಗಿ ತಾಯಿಗೆ 15 ಲಕ್ಷ ಬರುತ್ತದೆ. ಒಟ್ಟಿನಲ್ಲಿ ಪತ್ನಿಯ ಪಾಲು 90 ಲಕ್ಷವೋ 45 ಲಕ್ಷವೋ ಎಂಬುದು ಸತ್ತವರ ಮನಸ್ಸಿನಲ್ಲಿದ್ದ ಸಂಕಲ್ಪವನ್ನು ಅವಲಂಬಿಸಿ ನಿಲ್ಲುತ್ತದೆ. ಇಲ್ಲಿ ಅಮೆರಿಕದ ನ್ಯಾಯವೆಂದು ಒಟ್ಟಾಗಿ ಹೇಳದೆ ನ್ಯೂ ಜೆರ್ಸಿಯೆಂದೇ ಹೇಳಿದುದಕ್ಕೆ ಕಾರಣವಿದೆ. ಉತ್ತರಾಧಿಕಾರವು ಅಲ್ಲಿ ರಾಜ್ಯರಾಜ್ಯಕ್ಕೆ ಬೇರೆಯಾದ ವಿಷಯ.

ಮನೆಗೂ ಠೇವಣಿಗೂ ನ್ಯಾಯ ಬೇರೆಯಾಗುವ ಈ ಕಡೆಯಲ್ಲಿಯೇ ವ್ಯವಹಾರದಲ್ಲಿ ಎಡವುವುದು. ಮನೆಗೆ ಖಾತೆ ಬದಲಾವಣೆ ಮಾಡಿಸಲು ವಂಶವೃಕ್ಷ ತಯಾರಾಗುತ್ತದೆ. ಅದೇ ವಂಶವೃಕ್ಷವನ್ನು ಹಿಡಿದು ಕುಟುಂಬದವರು ಠೇವಣಿಯನ್ನೂ ಅದೇ ಪ್ರಮಾಣದಲ್ಲಿ ಹಂಚಿಕೊಂಡುಬಿಡುತ್ತಾರೆ. ಇಲ್ಲವೆ ನಾಮಿನಿಯಾದವರು ಹಣ ಪಡೆದು ಅದು ತಮ್ಮದೇ ಎಂದು ತಿಳಿಯುತ್ತಾರೆ. ನಾಮಿನಿಯಾದವರು ಹಣವನ್ನು ಬ್ಯಾಂಕಿನಿಂದ ಪಡೆಯಬಲ್ಲವರೇ ಹೊರತು ಅಷ್ಟರಿಂದಲೇ ಒಡೆಯರಲ್ಲ. ಸಿವಿಲ್ ನ್ಯಾಯಾಲಯದಿಂದ ಪಡೆಯುವ ಉತ್ತರಾಧಿಕಾರ ಪ್ರಮಾಣಪತ್ರವಾದರೂ ಸಾಲ ಮತ್ತು ಭದ್ರತಾಪತ್ರಗಳಿಗೆ ಮಾತ್ರ ಸಂಬಂಧಿಸಿದ್ದು. ಅದರಿಂದ ಮನೆಯ ಹಕ್ಕು ಸಿದ್ಧವಾಗುವುದಿಲ್ಲ.

ಅಧಿವಾಸವನ್ನು ನಿರ್ಣಯಿಸುವ, ಮೃತರ ಮನಸ್ಸಿನಲ್ಲಿದ್ದ ಆ ಸಂಕಲ್ಪವನ್ನು ತಿಳಿಯುವ ಬಗೆ ಹೇಗೆ? ಪೌರತ್ವಕ್ಕೂ ಅಧಿವಾಸಕ್ಕೂ ಸಂಬಂಧವುಂಟು, ಆದರೆ ಅವೆರಡೂ ಒಂದಲ್ಲ. ಅಮೆರಿಕದ ಪೌರನಾದವನೂ ಮೈಸೂರಿಗೆ ಮರಳುವ ನಿಶ್ಚಯವನ್ನು ಬಿಡದೆ ಇದ್ದಿರಬಹುದು. ನ್ಯಾಯಾಲಯ ನೋಡುವುದು ಬದುಕಿನ ವಿವರಗಳನ್ನು: ಕುಟುಂಬ ಎಲ್ಲಿತ್ತು, ಕೊಂಡ ಮನೆಗಳಲ್ಲಿ ಯಾವುದರಲ್ಲಿ ಬಾಳಿದರು, ನಿವೃತ್ತಿಯ ನಂತರ ಏನು ಮಾಡುವೆನೆಂದು ಯಾರಿಗೆ ಬರೆದರು, ಕಾಗದಪತ್ರಗಳಲ್ಲಿ ತಮ್ಮ ಶಾಶ್ವತ ನೆಲೆಯೆಂದು ಯಾವುದನ್ನು ನಮೂದಿಸಿದರು. ಹುಟ್ಟಿನಿಂದ ಬಂದ ಅಧಿವಾಸವು ಹೊಸದೊಂದು ಸಿದ್ಧವಾಗುವವರೆಗೆ ಅಂಟಿಕೊಂಡೇ ಇರುವುದರಿಂದ, ಅದು ಬದಲಾಯಿತೆಂದು ಹೇಳುವವರ ಮೇಲೆ ಸಾಕ್ಷ್ಯದ ಹೊಣೆ. ಇನ್ನೂ ಒಂದು ತೊಡಕಿದೆ. ನ್ಯೂ ಜೆರ್ಸಿಯ ನ್ಯಾಯಾಲಯವೂ ಮೈಸೂರಿನ ನ್ಯಾಯಾಲಯವೂ ತಮ್ಮ ತಮ್ಮ ಅಳತೆಯಿಂದಲೇ ಅಧಿವಾಸವನ್ನು ಅಳೆಯುತ್ತವೆ. ಒಬ್ಬನೇ ಮೃತನ ಬಗ್ಗೆ ಅವೆರಡೂ ಭಿನ್ನ ನಿರ್ಣಯಕ್ಕೆ ಬಂದರೆ ಅದನ್ನು ಸರಿಪಡಿಸುವ ಮೇಲಿನ ಪೀಠ ಯಾವುದೂ ಇಲ್ಲ.

ಆಗಲೇ ಹೇಳಿದ ರೋಮಿನ ಅಖಂಡತೆ ಎಲ್ಲೆಡೆಯೂ ಅಳಿದುಹೋಗಲಿಲ್ಲ. ಯುರೋಪಿನ ಒಕ್ಕೂಟದ ಬಹುಪಾಲು ದೇಶಗಳು 2015ರಿಂದ ಮೃತನ ವಾಡಿಕೆಯ ನಿವಾಸವನ್ನೇ ಆಧಾರವಾಗಿಟ್ಟು ಸ್ಥಿರ ಚರಗಳೆರಡಕ್ಕೂ ಒಂದೇ ನ್ಯಾಯವನ್ನು ಅನ್ವಯಿಸುತ್ತಿವೆ. ಕರ್ನಾಟಕದ ಗಡಿಯಾಚೆಯ ಗೋವೆಯಲ್ಲಿಯೂ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಉತ್ತರಾಧಿಕಾರ ನಿಯಮಗಳು ಆ ಪರಂಪರೆಯನ್ನು ಉಳಿಸಿಕೊಂಡು ಬಂದವು; ಸ್ವತ್ತಿನ ಅರ್ಧವನ್ನು ಮಕ್ಕಳಿಂದ ಮೃತ್ಯುಪತ್ರದ ಮೂಲಕವೂ ತಪ್ಪಿಸುವಂತಿಲ್ಲವೆಂಬುದು ಅವುಗಳಲ್ಲೊಂದು. ಗೋವೆಯ ಅಧಿವಾಸಿಯೊಬ್ಬರು ಮುಂಬಯಿಯಲ್ಲಿದ್ದ ತಮ್ಮ ಸ್ಥಿರಸ್ವತ್ತನ್ನು ಒಬ್ಬ ಮಗಳಿಗೇ ಬರೆದಿಟ್ಟು ತೀರಿಕೊಂಡಾಗ, ಆ ಅರ್ಧದ ಲೆಕ್ಕಕ್ಕೆ ಮುಂಬಯಿಯ ಸ್ವತ್ತೂ ಸೇರಬೇಕೇ ಎಂಬ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಬಂತು. 5ನೆಯ ಪ್ರಕರಣವನ್ನು ಅಕ್ಷರಶಃ ಹಿಡಿದರೆ ಮುಂಬಯಿಯ ನೆಲಕ್ಕೆ 1925ರ ಅಧಿನಿಯಮವೇ ಸಲ್ಲಬೇಕಿತ್ತು. ಆದರೆ 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು, ಗೋವೆಯ ಸಂಹಿತೆ 1962ರಲ್ಲಿ ನಮ್ಮ ಸಂಸತ್ತಿನ ಶಾಸನದಿಂದಲೇ ಮುಂದುವರಿದ ಭಾರತೀಯ ನ್ಯಾಯವಾಗಿದೆ, ಪರದೇಶದ್ದಲ್ಲ, ಆದುದರಿಂದ ಎರಡು ದೇಶಗಳ ನ್ಯಾಯಗಳ ನಡುವಣ ಘರ್ಷಣೆಯ ಪ್ರಶ್ನೆಯೇ ಏಳುವುದಿಲ್ಲವೆಂದು ವಿವೇಚಿಸಿ, ಗೋವೆಯ ಅಧಿವಾಸಿಗಳ ಸ್ವತ್ತು ಭಾರತದೊಳಗೆ ಎಲ್ಲಿದ್ದರೂ ಆ ಸಂಹಿತೆಗೇ ಒಳಪಡುವುದೆಂದು ತೀರ್ಪು ಕೊಟ್ಟಿತು. ಹೀಗಾಗಿ ಗೋವೆಯಲ್ಲಿ ಅಧಿವಾಸವಿದ್ದ ವ್ಯಕ್ತಿಯೊಬ್ಬರು ಬೆಳಗಾವಿಯಲ್ಲೋ ಕಾರವಾರದಲ್ಲೋ ಮನೆ ಬಿಟ್ಟು ತೀರಿಕೊಂಡರೆ, ಆ ಮನೆಯ ಬೆಲೆಯೂ ಅವರ ಮಕ್ಕಳಿಗೆ ಮೀಸಲಾದ ಅರ್ಧದ ಲೆಕ್ಕದಲ್ಲಿ ಸೇರುತ್ತದೆ.