ಆಕ್ಷೇಪ ಎಲ್ಲಿ ಹೋಯಿತು? ಗುಂಪು ನಿರ್ಧಾರದ ಮೂರು ಬಗೆಗಳು

ಹತ್ತು ಮಂದಿ ಕೂಡಿ ಕೈಗೊಂಡ ತೀರ್ಮಾನವು ಒಬ್ಬನ ತೀರ್ಮಾನಕ್ಕಿಂತ ಮೇಲು ಎಂಬುದು ಸಾಮಾನ್ಯ ನಂಬಿಕೆ. ಅದು ನಿಜವಾಗುವುದೂ ಸುಳ್ಳಾಗುವುದೂ ಆ ಹತ್ತು ಮಂದಿ ಮಾತನಾಡಿದ ರೀತಿಯನ್ನು ಅವಲಂಬಿಸಿದೆ. ಆಡಳಿತ ನಿರ್ವಹಣೆಯ ಪಠ್ಯಗಳಲ್ಲಿ ಗ್ರೂಪ್‌ಥಿಂಕ್, ಬ್ರೈನ್‌ಸ್ಟಾರ್ಮಿಂಗ್ ಮತ್ತು ಡೆಲ್ಫಿ ತಂತ್ರ ಎಂಬ ಮೂರು ಹೆಸರುಗಳು ಜೊತೆಜೊತೆಯಾಗಿ ಬರುತ್ತವೆ. ಇವುಗಳಲ್ಲಿ ಮೊದಲನೆಯದು ಗುಂಪಿಗೆ ತಗಲುವ ದೋಷ. ಉಳಿದೆರಡು ಉದ್ದೇಶಪೂರ್ವಕವಾಗಿ ಬಳಸುವ ವಿಧಾನಗಳು. ಸಭೆಯೊಂದರ ವಿವರ ಓದಿ ಅದು ಯಾವುದೆಂದು ಗುರುತಿಸಲು ಒಂದೇ ಪ್ರಶ್ನೆ ಸಾಕು: ಅಲ್ಲಿ ಆಕ್ಷೇಪ ಎಲ್ಲಿ ಹೋಯಿತು?

ಉದಾಹರಣೆಗೆ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯನ್ನು ತೆಗೆದುಕೊಳ್ಳೋಣ. ಪದೇ ಪದೇ ಬರಕ್ಕೆ ತುತ್ತಾಗುವ ಈ ಸೀಮೆಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಗೊಂಡ ಈ ಪಾರ್ಕ್ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಹರಡಿದೆ. ಫಲಕಗಳ ಮೇಲೆ ಧೂಳು ಕುಳಿತರೆ ವಿದ್ಯುತ್ ಉತ್ಪಾದನೆ ಇಳಿಯುತ್ತದೆ. ತೊಳೆಯೋಣವೆಂದರೆ ನೀರಿನ ಅಭಾವ. ಇಂಥ ಸ್ಥಳದಲ್ಲಿ ಫಲಕ ನಿರ್ವಹಣೆಯ ಗುತ್ತಿಗೆ ಪಡೆದ ಸಂಸ್ಥೆಯೊಂದು ಮೂರು ಬಾರಿ ಸಮಾಲೋಚನೆ ನಡೆಸಿತೆಂದು ಭಾವಿಸೋಣ. ಸಂಸ್ಥೆ, ಸಭೆ ಹಾಗೂ ಅಲ್ಲಿನ ಅಂಕಿಗಳು ಕಲ್ಪಿತ; ಸಮಸ್ಯೆ ಮಾತ್ರ ನೈಜ.

ಪ್ರಕರಣ 1: ಎಲ್ಲರೂ ತಲೆಯಾಡಿಸಿದ ಸಭೆ

ವ್ಯವಸ್ಥಾಪಕರು ಸಭೆಯ ಆರಂಭದಲ್ಲೇ, "ಹತ್ತಿರದ ಕೊಳವೆಬಾವಿಯ ನೀರನ್ನು ಟ್ಯಾಂಕರಿನಲ್ಲಿ ತಂದು ತೊಳೆಸೋಣ, ಇದೇ ಸುಲಭ. ಯಾರದಾದರೂ ತಕರಾರಿದೆಯೇ?" ಎಂದರು. ಆ ನೀರು ಗಡಸು, ಆರಿದ ಮೇಲೆ ಗಾಜಿನ ಮೇಲೆ ಬಿಳಿಯ ಲವಣದ ಕಲೆ ಉಳಿಯುತ್ತದೆ ಎಂಬುದು ಕಿರಿಯ ತಂತ್ರಜ್ಞನಿಗೆ ಗೊತ್ತು. ಆದರೆ ವರ್ಷಗಳಿಂದ ಒಟ್ಟಿಗೆ ದುಡಿದ ಹಿರಿಯರೆಲ್ಲ ಒಪ್ಪಿರುವಾಗ ತಾನೊಬ್ಬ ಅಡ್ಡ ಬರುವುದೇಕೆಂದು ಸುಮ್ಮನಾದ. ಅದೇ ಅನುಮಾನವಿದ್ದ ಇನ್ನಿಬ್ಬರೂ ಸುಮ್ಮನಾದರು. ಹತ್ತು ನಿಮಿಷದಲ್ಲಿ "ಸರ್ವಾನುಮತ"ದ ತೀರ್ಮಾನವಾಯಿತು.

ಇದು ಗ್ರೂಪ್‌ಥಿಂಕ್. ಇಲ್ಲಿ ಆಕ್ಷೇಪವನ್ನು ನುಂಗಲಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರ ತಮ್ಮ ಗ್ರಂಥದಲ್ಲಿ ಇದನ್ನು ವಿವರವಾಗಿ ನಿರೂಪಿಸಿದರು. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ಮೇಲಿನ ದಾಳಿ ವಿಫಲವಾದುದು ಅವರ ಪ್ರಮುಖ ನಿದರ್ಶನ. ಅಧ್ಯಕ್ಷ ಕೆನಡಿಯವರ ಸಲಹೆಗಾರರಾಗಿದ್ದ ಆರ್ಥರ್ ಷ್ಲೆಸಿಂಗರ್ ತಮ್ಮ ವಿರೋಧವನ್ನು ಟಿಪ್ಪಣಿಯಲ್ಲಿ ಬರೆದು ಕೊಟ್ಟಿದ್ದರೂ ನಿರ್ಣಾಯಕ ಸಭೆಗಳಲ್ಲಿ ಮೌನವಾಗಿದ್ದರು. ಆ ಮೌನಕ್ಕಾಗಿ ಅನಂತರ ಪರಿತಪಿಸಿದರು.

ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತೀರ್ಮಾನ ಕೆಟ್ಟಿತೆಂಬ ಕಾರಣಕ್ಕೇ ಅದನ್ನು ಗ್ರೂಪ್‌ಥಿಂಕ್ ಎನ್ನಲಾಗದು. ತಪ್ಪು ಮಾಹಿತಿಯಿಂದಲೂ ತೀರ್ಮಾನ ಕೆಡಬಹುದು. ಒಗ್ಗಟ್ಟಿನ ಗುಂಪು, ತನ್ನ ಇಷ್ಟವನ್ನು ಮೊದಲೇ ಸಾರಿದ ನಾಯಕ, ಪರ್ಯಾಯಗಳನ್ನು ತೂಗದಿರುವುದು, ತಿಳಿದವರ ಮೌನ, ಇವು ಕೂಡಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಸಭೆಯಲ್ಲಿ ಬಾರದ ಅನುಮಾನಗಳು ಚಹಾದ ಅಂಗಡಿಯಲ್ಲಿ ಹೊರಬಿದ್ದರೆ ಅದೇ ಸ್ಪಷ್ಟ ಸುಳಿವು. ನಾಯಕನು ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳುವುದು, ಒಬ್ಬರಿಗೆ ವಿರೋಧಿಸುವ ಕೆಲಸವನ್ನೇ ಒಪ್ಪಿಸುವುದು, ತೀರ್ಮಾನದ ನಂತರ ಮರುಚಿಂತನೆಗಾಗಿ ಇನ್ನೊಮ್ಮೆ ಸೇರುವುದು, ಇವು ಜಾನಿಸ್ ಸೂಚಿಸಿದ ಪರಿಹಾರಗಳಲ್ಲಿ ಕೆಲವು.

ಪ್ರಕರಣ 2: ಯಾರೂ ಟೀಕಿಸದ ಸಭೆ

ಕಲೆಗಳು ಕಾಣಿಸಿಕೊಂಡ ಬಳಿಕ ಎಂಟು ಮಂದಿ ಮತ್ತೆ ಸೇರಿದರು. "ಕಡಿಮೆ ನೀರಿನಲ್ಲಿ ಫಲಕ ಶುಚಿಗೊಳಿಸುವ ದಾರಿಗಳಾವುವು?" ಎಂದು ಹಲಗೆಯ ಮೇಲೆ ಬರೆದು, ಯಾರ ಸಲಹೆಯನ್ನೂ ಅಲ್ಲಗಳೆಯುವಂತಿಲ್ಲವೆಂದು ತಿಳಿಸಲಾಯಿತು. ಒಣ ಕುಂಚ, ನೀರನ್ನು ಶುದ್ಧೀಕರಿಸಿ ಬಳಸುವುದು, ಹಾದಿಯ ಬದಿಗೆ ಗಿಡದ ಬೇಲಿ, ರಾತ್ರಿ ಫಲಕಗಳನ್ನು ಮಗುಚಿ ಹಾಕುವುದು ಎಂದು ಅರ್ಧ ಗಂಟೆಯಲ್ಲಿ 34 ಸಲಹೆಗಳು ಬಂದವು. ಕುಂಚವನ್ನು ಹೇಳಿದವರ ಮಾತಿಗೆ ಮತ್ತೊಬ್ಬರು, "ಅದನ್ನೇ ಹಳಿಯ ಮೇಲೆ ಓಡಿಸಿದರೆ?" ಎಂದು ಸೇರಿಸಿದರು. ಆಯ್ಕೆಯನ್ನು ಮರುದಿನಕ್ಕೆ ಬಿಡಲಾಯಿತು.

ಇದು ಬ್ರೈನ್‌ಸ್ಟಾರ್ಮಿಂಗ್, ಅಂದರೆ ಮಿದುಳು ಮಂಥನ. ಮೊದಲ ಸಭೆಯಂತೆ ಇಲ್ಲಿಯೂ ಆಕ್ಷೇಪ ಕೇಳಿಬರಲಿಲ್ಲ. ಗೊಂದಲ ಹುಟ್ಟುವುದು ಇಲ್ಲೇ. ಆದರೆ ಇಲ್ಲಿ ಆಕ್ಷೇಪವನ್ನು ನಿಯಮದ ಮೂಲಕ ಮುಂದೂಡಲಾಗಿದೆ, ಮತ್ತು ಸಭೆ ಮುಗಿದಾಗ ಕೈಯಲ್ಲಿರುವುದು ತೀರ್ಮಾನವಲ್ಲ, ಪಟ್ಟಿ. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್ ರೂಪಿಸಿದ ನಿಯಮಗಳು ನಾಲ್ಕು: ಟೀಕೆ ಸಲ್ಲದು, ವಿಚಿತ್ರ ಸಲಹೆಗೂ ಸ್ವಾಗತ, ಸಂಖ್ಯೆ ಹೆಚ್ಚಿರಲಿ, ಇತರರ ಸಲಹೆಯನ್ನು ಬೆಳೆಸಿರಿ.

ಈ ವಿಧಾನಕ್ಕೂ ಮಿತಿಯಿದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆ ಬೇರೆ ಕುಳಿತು ಯೋಚಿಸಿದ ನಾಲ್ವರ ಒಟ್ಟು ಸಲಹೆಗಳೇ ಹೆಚ್ಚೆಂದು ಕಂಡುಬಂತು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುವುದು ಇದಕ್ಕೆ ಮುಖ್ಯ ಕಾರಣವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಆದುದರಿಂದ ಮೊದಲ ಐದು ನಿಮಿಷ ಎಲ್ಲರೂ ಮೌನವಾಗಿ ಬರೆದುಕೊಂಡು, ಬಳಿಕ ಮಾತಿಗಿಳಿಯುವುದು ಲೇಸು.

ಪ್ರಕರಣ 3: ಸಭೆಯೇ ಇಲ್ಲದ ಸಮಾಲೋಚನೆ

ಕೊನೆಗೆ ಉಳಿದ ಪ್ರಶ್ನೆ, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಶುಚಿಗೊಳಿಸಬೇಕು ಎಂಬುದು. ಸಂಯೋಜಕರು ಏಳು ತಜ್ಞರಿಗೆ ಪ್ರತ್ಯೇಕವಾಗಿ ಇ-ಮೇಲ್ ಕಳುಹಿಸಿದರು. ಯಾರು ಏನು ಹೇಳಿದರೆಂಬುದು ಪರಸ್ಪರ ತಿಳಿಯದು. ಬಂದ ಉತ್ತರಗಳು 7, 10, 12, 15, 20, 21 ಮತ್ತು 30 ದಿನ. ಏರಿಕೆಯ ಕ್ರಮದಲ್ಲಿ ನಡುವಿನ ಉತ್ತರ 15. ಸಂಯೋಜಕರು ಈ ಸಾರಾಂಶವನ್ನು ಎಲ್ಲರಿಗೂ ಕಳುಹಿಸಿ, ಎರಡು ತುದಿಗಳಲ್ಲಿದ್ದವರಿಂದ ಕಾರಣ ಕೇಳಿದರು. 7 ಎಂದವರು, "ಮಣ್ಣು ರಸ್ತೆಯ ಪಕ್ಕದ ಸಾಲುಗಳಿಗೆ ವಾರದಲ್ಲೇ ಧೂಳು ಮೆತ್ತುತ್ತದೆ" ಎಂದು ಬರೆದರು. 30 ಎಂದವರು ಮುಂಗಾರುಪೂರ್ವ ಮಳೆಯೇ ಫಲಕ ತೊಳೆಯುತ್ತದೆಂದು ಲೆಕ್ಕ ಹಾಕಿದ್ದರು. ಈ ಕಾರಣಗಳು ಹೆಸರಿಲ್ಲದೆ ಎಲ್ಲರನ್ನೂ ತಲುಪಿದವು. ಎರಡನೆಯ ಸುತ್ತಿನಲ್ಲಿ ಉತ್ತರಗಳು 10ರಿಂದ 18ರ ಒಳಗೆ ಬಂದು, ನಡುವಿನ ಉತ್ತರ 14 ಆಯಿತು.

ಇದು ಡೆಲ್ಫಿ ತಂತ್ರ. ಇಲ್ಲಿ ಆಕ್ಷೇಪ ಹೆಸರು ಕಳಚಿ, ಕಾರಣದೊಡನೆ ಮತ್ತೆ ಎಲ್ಲರ ಮುಂದೆ ಬರುತ್ತದೆ. ಹುದ್ದೆಯ ಭಾರ ಅದರ ಮೇಲೆ ಬೀಳದು. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಓಲಾಫ್ ಹೆಲ್ಮರ್, ನಾರ್ಮನ್ ಡಾಲ್ಕಿ ಮೊದಲಾದವರು ರೂಪಿಸಿದ ಈ ವಿಧಾನಕ್ಕೆ ಪ್ರಾಚೀನ ಗ್ರೀಸಿನ ಡೆಲ್ಫಿ ದೈವವಾಣಿಯ ಹೆಸರನ್ನಿಡಲಾಗಿದೆ.

ಇಲ್ಲಿಯೂ ಎಚ್ಚರ ಬೇಕು. ಉತ್ತರಗಳು ಹತ್ತಿರ ಬಂದವೆಂದ ಮಾತ್ರಕ್ಕೆ ಅವು ಸರಿಯಾದವೆಂದಲ್ಲ. ಒಂಟಿಯಾಗುವ ಮುಜುಗರಕ್ಕೆ ಕೆಲವರು ನಡುವಿಗೆ ಸರಿದಿರಬಹುದು. ಕಾರಣವನ್ನೇ ಹೇಳದೆ ಸಂಖ್ಯೆ ಬದಲಿಸಿದವರು ಹೆಚ್ಚಿದ್ದರೆ ಸಂಶಯಪಡಬೇಕು. ನಮ್ಮ ಪ್ರಕರಣದಲ್ಲಿ ನಿಜವಾಗಿ ಬೆಲೆಬಾಳಿದ್ದು 14 ಎಂಬ ಅಂಕಿಯಲ್ಲ, 7 ಎಂದವರ ಕಾರಣ. ಅದನ್ನು ಗಮನಿಸಿದ ಸಂಯೋಜಕರು ಮೂರನೆಯ ಸುತ್ತಿನಲ್ಲಿ ರಸ್ತೆಬದಿಯ ಸಾಲುಗಳಿಗೆ ಒಂದು, ಒಳಗಿನ ಸಾಲುಗಳಿಗೆ ಇನ್ನೊಂದು ಎಂದು ಪ್ರಶ್ನೆಯನ್ನೇ ಎರಡಾಗಿಸಿದರು. ಹೀಗಾದಾಗ ಒಳಗಿನ ಸಾಲುಗಳಿಗೆ ಅನವಶ್ಯಕವಾಗಿ ಸುರಿಯುವ ನೀರು ಉಳಿಯುತ್ತದೆ.

ಮೊದಲ ಸಭೆಯ ಕಿರಿಯ ತಂತ್ರಜ್ಞನಿಗೂ ಇದೇ ರೀತಿ ಒಂದು ಚೀಟಿಯಲ್ಲಿ ಹೆಸರಿಲ್ಲದೆ ಬರೆಯುವ ಅವಕಾಶ ದೊರೆತಿದ್ದರೆ, ಗಡಸು ನೀರಿನ ವಿಷಯ ಫಲಕಗಳು ಕಲೆಗಟ್ಟುವ ಮೊದಲೇ ತಿಳಿಯುತ್ತಿತ್ತು.